ಹದಿನಾಲ್ಕು ದಿನದ ದುಡ್ಡು

ದರ್ಜಿಯ ಸಾಮಾನೆಲ್ಲ ಟೆಂಪೋದಲ್ಲಿತ್ತು, ಟೆಂಪೋ ಗೇಟಿನ ಹೊರಗಿತ್ತು, ದರ್ಜಿ ಮ್ಯಾನೇಜರನ ಮೇಜಿನ ಮುಂದಿದ್ದ. ಹೊಸ ರೂಮಿನ ಬೀಗದ ಕೈ ಮಾತ್ರ ಮ್ಯಾನೇಜರನ ಡ್ರಾಯರಿನಲ್ಲಿತ್ತು.

ಮಧ್ಯಾಹ್ನ ಎರಡು ಗಂಟೆ. ಆ ತಿಂಗಳಿಗೆ ಮೂವತ್ತೊಂದು ದಿನ, ಆವತ್ತು ಹದಿನೇಳನೇ ತಾರೀಖು. ಹಳೆಯ ಮನೆಯನ್ನು ಬೆಳಿಗ್ಗೆಯೇ ಬಿಟ್ಟಾಗಿತ್ತು. ಇವರ ಹೊಲಿಗೆ ಮೆಷಿನ್ನು ಮೆಟ್ಟಿಲಿಳಿಯುವಾಗಲೇ ಅಲ್ಲಿಗೆ ಹೊಸಬರ ಮಂಚ ಮೇಲೇರುತ್ತಿತ್ತು. ಹಿಂದಕ್ಕೆ ಹೋಗುವ ದಾರಿ ಮುಚ್ಚಿದ ಮೇಲೆ ಮುಂದಿನ ದಾರಿಗೆ ಈ ಮ್ಯಾನೇಜರ್ ಅಡ್ಡಲಾಗಿ ಕೂತಿದ್ದ.

ಮೆಟ್ಟಿಲ ಕೆಳಗೆ ಹಲಗೆ ಹೊಡೆದು ಮಾಡಿದ ಆಫೀಸು ಅದು. ಒಂದು ಮೇಜು, ಒಂದು ಕುರ್ಚಿ, ಗೋಡೆಗೊಂದು ಕ್ಯಾಲೆಂಡರ್. ಮೇಲಿನಿಂದ ಯಾರಾದರೂ ಇಳಿದರೆ ತಲೆಯ ಮೇಲೆ ನಡೆದ ಹಾಗೆ ಸದ್ದು.

"ನೋಡಿ ಟೈಲರ್ರೇ, ಬಾಡಿಗೆ ಆರು ಸಾವಿರದ ಇನ್ನೂರು. ಮೂವತ್ತರಿಂದ ಭಾಗಿಸಿ ಹದಿನೈದು ದಿನಕ್ಕೆ ಮೂರು ಸಾವಿರದ ನೂರು. ಮೇಂಟೆನೆನ್ಸು ಆರುನೂರ ಇಪ್ಪತ್ತು. ಅಡ್ವಾನ್ಸು ಮೂರು ತಿಂಗಳ ಬಾಡಿಗೆ, ಹದಿನೆಂಟು ಸಾವಿರದ ಆರುನೂರು. ಒಟ್ಟು ಇಪ್ಪತ್ತೆರಡು ಸಾವಿರದ ಮುನ್ನೂರ ಇಪ್ಪತ್ತು. ಕೊಡಿ, ಕೀ ತಗೊಳ್ಳಿ," ಎಂದು ಮ್ಯಾನೇಜರ್ ಲೆಕ್ಕದ ಚೀಟಿಯನ್ನು ಮುಂದೆ ತಳ್ಳಿದ.

ದರ್ಜಿ ಮೊದಲೇ ಮಾತು ಕಡಿಮೆಯವನು. ಐವತ್ತೆಂಟು ವರ್ಷದಲ್ಲಿ ಅವನು ಆಡಿದ ಮಾತಿಗಿಂತ ಹಾಕಿದ ಗುಂಡಿ ಹೆಚ್ಚು ಎಂದು ಹೆಂಡತಿಯೇ ಹೇಳುತ್ತಿದ್ದಳು. ಅವನು ಎದೆಯ ಜೇಬನ್ನು ಒಮ್ಮೆ ಒತ್ತಿ ನೋಡಿಕೊಂಡ. ಅಲ್ಲಿ ಇಪ್ಪತ್ತೊಂದು ಸಾವಿರದ ಆರುನೂರ ಎಂಬತ್ತು ಇತ್ತು. ಹಳೆಯ ಮನೆಯವರು ಸುಣ್ಣಬಣ್ಣಕ್ಕೆಂದು ಮುರಿದುಕೊಂಡು ಉಳಿಸಿ ಕೊಟ್ಟ ಅಡ್ವಾನ್ಸು, ಕೊರತೆಗೆ ತಂಗಿಯ ಕೈಯಿಂದ ತಂದ ಸಾಲ. ರಾತ್ರಿಯೆಲ್ಲ ಲೆಕ್ಕ ಹಾಕಿ, ಹದಿನಾಲ್ಕು ದಿನದ ಬಾಡಿಗೆ, ಹದಿನಾಲ್ಕು ದಿನದ ಮೇಂಟೆನೆನ್ಸು, ಪೂರ್ತಿ ಅಡ್ವಾನ್ಸು ಎಂದು ಅಷ್ಟನ್ನೇ ಕೂಡಿಸಿದ್ದ. ಟೆಂಪೋದವನಿಗೆ ಕೊಟ್ಟ ಮೇಲೆ ಕೈಯಲ್ಲಿ ಬೇರೆ ಕಾಸಿರಲಿಲ್ಲ.

"ತಿಂಗಳಿಗೆ ಮೂವತ್ತೊಂದು ದಿನ ಅಲ್ವಾ ಸಾರ್?" ಎಂದ ಮೆಲ್ಲಗೆ. "ಮೂವತ್ತರಿಂದ ಯಾಕೆ ಭಾಗಿಸ್ತೀರಿ?"

"ಬಾಡಿಗೆ ಲೆಕ್ಕದಲ್ಲಿ ಎಲ್ಲಾ ತಿಂಗಳೂ ಮೂವತ್ತೇ. ಇಲ್ಲಿ ಪದ್ಧತಿ ಹಂಗೆ."

"ಭಾಗಿಸೋವಾಗ ಮೂವತ್ತು, ದಿನ ಎಣಿಸೋವಾಗ ಮೂವತ್ತೊಂದರ ತನಕ." ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿದಳು. "ಉಣ್ಣೋಕೆ ದೊಡ್ಡ ತಟ್ಟೆ, ಬಡಿಸೋಕೆ ಸಣ್ಣ ಸೌಟು. ಇದೂ ಪದ್ಧತೀನಾ?"

"ಅಮ್ಮಾ, ನಾನು ಯಜಮಾನರ ಹತ್ರ ಮಾತಾಡ್ತಿದೀನಿ."

"ಯಜಮಾನರು ಮಾತಾಡೋಷ್ಟರಲ್ಲಿ ಸಂಜೆ ಆಗುತ್ತೆ. ನನ್ನ ಹತ್ರಾನೇ ಆಡಿ."

ಹೊರಗಿನಿಂದ ಟೆಂಪೋದವನು ಹಾರ್ನ್ ಒತ್ತಿದ. ಎರಡೂವರೆಯೊಳಗೆ ಇಳಿಸಬೇಕೆಂದು ಮಾತಾಗಿತ್ತು.

"ಮೇಂಟೆನೆನ್ಸಾದ್ರೂ ಹದಿನೇಳರಿಂದ ಹಾಕಿ ಸಾರ್," ಎಂದ ದರ್ಜಿ. "ದಿನಕ್ಕೆ ಇಪ್ಪತ್ತು ಬೀಳುತ್ತೆ."

"ಮೇಂಟೆನೆನ್ಸಿಗೆ ದಿನದ ಲೆಕ್ಕ ಇಲ್ಲವೇ ಇಲ್ಲ. ನೀರಿನ ಮೋಟರಿಗೆ, ಕಸದವರಿಗೆ, ಮೆಟ್ಟಿಲ ದೀಪಕ್ಕೆ ನಾನು ತಿಂಗಳ ಲೆಕ್ಕದಲ್ಲಿ ಕೊಡ್ತೀನಿ. ನೀವು ಮೂವತ್ತೊಂದನೇ ತಾರೀಖು ಬಂದ್ರೂ ಆರುನೂರ ಇಪ್ಪತ್ತೇ."

ಮಾತು ಹೀಗೆ ಹಗ್ಗ ಜಗ್ಗುತ್ತಿರುವಾಗ ಬಿಳಿ ಚಪ್ಪಲಿಯ ಹೆಂಗಸೊಬ್ಬಳು ಒಳಗೆ ಬಂದಳು. ದರ್ಜಿ ಸೇರಬೇಕಿದ್ದ ಅದೇ ರೂಮನ್ನು ನಿನ್ನೆ ಖಾಲಿ ಮಾಡಿದ್ದ ನರ್ಸು ಅವಳು. ತನ್ನ ಅಡ್ವಾನ್ಸು ವಾಪಸ್ ಕೇಳಲು ಬಂದಿದ್ದಳು. ನಾಲ್ಕಕ್ಕೆ ಅವಳಿಗೆ ಡ್ಯೂಟಿ.

"ಬನ್ನಿ ಸಿಸ್ಟರ್. ಇವರು ಕೊಟ್ರೆ ನಿಮಗೆ. ಇವರು ಕೊಡಬೇಕಲ್ಲ," ಎಂದು ಮ್ಯಾನೇಜರ್ ದರ್ಜಿಯ ಕಡೆ ಗದ್ದ ತೋರಿಸಿದ.

ನರ್ಸಿನ ಕಣ್ಣು ದರ್ಜಿಯ ಮೇಲೆ ಬಿತ್ತು, ಅವನೇ ಅವಳ ದುಡ್ಡನ್ನು ಬಚ್ಚಿಟ್ಟುಕೊಂಡಿರುವವನ ಹಾಗೆ. ದರ್ಜಿಗೆ ಮೈ ಮುದುಡಿತು. ಹೆಂಡತಿ ಮಾತ್ರ ಅವಳ ಕೈಯ ಚೀಟಿಯನ್ನು ನೋಡಿದಳು.

"ಸಿಸ್ಟರ್, ನಿಮಗೆ ಹೆಂಗೆ ಲೆಕ್ಕ ಮಾಡಿದ್ರು? ಒಂದ್ ಸಲ ತೋರಿಸ್ತೀರಾ?"

"ನೋಡಿ. ತಿಂಗಳ ಬಾಡಿಗೆ ಒಂದನೇ ತಾರೀಖೇ ಕಟ್ಟಿದ್ದೆ. ಹದಿನಾರಕ್ಕೆ ಬಿಟ್ಟೆ. ಮಿಕ್ಕ ದಿನದ್ದು ವಾಪಸ್ ಕೊಡ್ತೀನಿ ಅಂತ ಬರೆದಿದ್ದಾರೆ."

ಚೀಟಿ ಮೇಜಿನ ಮೇಲೆ, ದರ್ಜಿಗೆ ಬರೆದುಕೊಟ್ಟ ಚೀಟಿಯ ಪಕ್ಕಕ್ಕೆ ಬಂತು. ಎರಡೂ ಒಂದೇ ಕೈಯ ಬರಹ. ನರ್ಸಿನ ಚೀಟಿಯಲ್ಲಿ ಆರು ಸಾವಿರದ ಇನ್ನೂರನ್ನು ಮೂವತ್ತೊಂದರಿಂದ ಭಾಗಿಸಿ, ದಿನಕ್ಕೆ ಇನ್ನೂರರಂತೆ ಹದಿನೈದು ದಿನಕ್ಕೆ ಮೂರು ಸಾವಿರ ಎಂದು ಬರೆದಿತ್ತು. ಕೆಳಗೆ, ಮೇಂಟೆನೆನ್ಸು ಪೂರ್ತಿ ತಿಂಗಳು ಜಮಾ, ವಾಪಸ್ ಇಲ್ಲ. ದರ್ಜಿಯ ಕಣ್ಣು ಮೂವತ್ತೊಂದರ ಮೇಲೆ ಗಟ್ಟಿಯಾಗಿ ಕೂತುಬಿಟ್ಟಿತು. ಅದರ ಪಕ್ಕದ ಹದಿನೈದನ್ನು ಅವನು ನೋಡಲೇ ಇಲ್ಲ.

"ಕೊಡೋವಾಗ ಮೂವತ್ತೊಂದು," ಎಂದಳು ಹೆಂಡತಿ, ಒಂದು ಚೀಟಿಯ ಮೇಲೆ ಬೆರಳಿಟ್ಟು. "ಇಸ್ಕೊಳ್ಳೋವಾಗ ಮೂವತ್ತು. ಒಂದೇ ರೂಮು, ಅದೇ ದಿನಗಳು. ನಡುವೆ ಕ್ಯಾಲೆಂಡರ್ ಹರಿದೋಯ್ತಾ?"

ನರ್ಸು ಎರಡೂ ಚೀಟಿ ಎತ್ತಿಕೊಂಡು ಓದಿದಳು. ಅವಳ ದನಿ ಒಂದು ಮೆಟ್ಟಿಲು ಮೇಲೇರಿತು. "ಮೇಂಟೆನೆನ್ಸ್ ನನ್ನ ಹತ್ರ ಪೂರ್ತಿ ಇಟ್ಕೊಂಡಿದ್ದೀರಿ, ಇವರ ಹತ್ರಾನೂ ಪೂರ್ತಿ ಕೇಳ್ತಿದ್ದೀರಿ. ಒಂದು ತಿಂಗಳಿಗೆ ಎಷ್ಟು ಸಲ ಕಸ ಗುಡಿಸ್ತೀರಿ ಸಾರ್?"

ಮ್ಯಾನೇಜರನ ಮುಖ ಹುಳ್ಳಗಾಯಿತು. "ಪದ್ಧತಿ ನಂದಲ್ಲ, ಓನರಮ್ಮಂದು," ಎಂದ.

"ಹಂಗಾದ್ರೆ ಅವರನ್ನೇ ಕೇಳಿ. ನಮ್ಮ ಎದುರಿಗೇ ಕೇಳಿ," ಎಂದಳು ಹೆಂಡತಿ.

ಬೇರೆ ದಾರಿಯಿಲ್ಲದೆ ಅವನು ಫೋನ್ ಮಾಡಿ, ಮೇಜಿನ ಮೇಲಿಟ್ಟು ದನಿ ದೊಡ್ಡದು ಮಾಡಿದ. ಓನರಮ್ಮ ನಿಧಾನದ ಹೆಂಗಸು. ಎರಡೂ ಚೀಟಿಯನ್ನು ಓದಿಸಿ ಕೇಳಿದಳು.

"ಭಾಗಿಸೋದು ಒಂದೇ ರೀತಿ ಇರಲಪ್ಪ. ಮೂವತ್ತೊಂದು ಅಂದ್ರೆ ಇಬ್ಬರಿಗೂ ಮೂವತ್ತೊಂದು. ಮೇಂಟೆನೆನ್ಸು ಆ ಹುಡುಗಿ ಕಟ್ಟಿದ್ದಾಳೆ ಅಂದ್ಮೇಲೆ ಎರಡು ಸಲ ಯಾಕೆ? ಹೊಸಬರು ಇರೋ ದಿನಕ್ಕೆ ಕೊಡಲಿ, ಅದನ್ನ ಅವಳಿಗೆ ವಾಪಸ್ ಸೇರಿಸು. ಅವಳ ಅಡ್ವಾನ್ಸು, ಬಾಕಿ, ಎಲ್ಲಾ ರೂಮ್ ನೋಡ್ಕೊಂಡು ಏಳು ದಿನದಲ್ಲಿ ಬ್ಯಾಂಕಿಗೆ ಹಾಕ್ತೀನಿ. ಹೊಸಬರದು ಪೂರ್ತಿ ಕೈಗೆ ಬಂದ ಮೇಲೇ ಕೀ ಕೊಡು. ಹೋದ ಸಲದ ಹಂಗೆ ಆಮೇಲೆ ಕೊಡ್ತಾರೆ ಅಂತ ಬಂದ್ರೆ ನಿನ್ನ ಸಂಬಳದಲ್ಲಿ ಮುರ್ಕೋತೀನಿ."

"ಏಳು ದಿನಾನಾ?" ನರ್ಸು ಕೂಗುವಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಹೊಸ ಕಡೆ ಅವಳೂ ಅಡ್ವಾನ್ಸು ತುಂಬಬೇಕಿತ್ತು. ಮ್ಯಾನೇಜರನ ಹತ್ತಿರ ಜಗಳವಾಡಲು ಅವಳಿಗೆ ಹೊತ್ತೂ ಇರಲಿಲ್ಲ. ತನ್ನ ಚೀಟಿ ಎತ್ತಿಕೊಂಡು, "ನಿಮಗಾದ್ರೂ ಆಯ್ತಲ್ಲ ಬಿಡಿ," ಎಂದು ದರ್ಜಿಯ ಹೆಂಡತಿಗೆ ಹೇಳಿ, ಬಿಳಿ ಚಪ್ಪಲಿ ಪಟಪಟ ಅನ್ನಿಸುತ್ತಾ ಬಸ್ಸಿಗೆ ಓಡಿದಳು.

ದರ್ಜಿಗೆ ಎದೆಯ ಮೇಲಿನ ಇಸ್ತ್ರಿಪೆಟ್ಟಿಗೆ ಇಳಿಸಿದ ಹಾಗಾಯಿತು. ಜೇಬಿನಿಂದ ಕಟ್ಟು ತೆಗೆದು, ಉಗುಳು ಮುಟ್ಟಿಸಿ ಎರಡು ಸಲ ಎಣಿಸಿ ಮೇಜಿನ ಮೇಲಿಟ್ಟ. "ದಿನಕ್ಕೆ ಇನ್ನೂರ ಇಪ್ಪತ್ತು, ಹದಿನಾಲ್ಕು ದಿನ. ಅಡ್ವಾನ್ಸು ಸೇರಿ ಇಪ್ಪತ್ತೊಂದು ಸಾವಿರದ ಆರುನೂರ ಎಂಬತ್ತು."

"ಹದಿನೈದು ದಿನ," ಎಂದ ಮ್ಯಾನೇಜರ್.

"ಹದಿನಾಲ್ಕು." ಆವತ್ತು ಮೊದಲ ಸಲ ದರ್ಜಿಯ ದನಿ ಗಟ್ಟಿಯಾಯಿತು. ಎರಡರಲ್ಲಿ ಮೋಸ ಹಿಡಿದ ಮೇಲೆ ಮೂರನೆಯದೂ ಮೋಸವೇ ಎಂದು ಅವನಿಗೆ ಖಾತ್ರಿ. "ಹದಿನೇಳರಿಂದ ಮೂವತ್ತೊಂದಕ್ಕೆ ಹದಿನಾಲ್ಕು. ನಲವತ್ತು ವರ್ಷದಿಂದ ಟೇಪು ಹಿಡಿದಿದ್ದೀನಿ ಸಾರ್. ಹದಿನೇಳರ ಗೆರೆಯಿಂದ ಮೂವತ್ತೊಂದರ ಗೆರೆಗೆ ಹದಿನಾಲ್ಕು ಇಂಚು. ಒಂದು ನೂಲು ಹೆಚ್ಚಿಲ್ಲ, ಕಡಿಮೆ ಇಲ್ಲ."

ಮ್ಯಾನೇಜರ್ ವಾದ ಮಾಡಲಿಲ್ಲ. ಅದೇ ಕೆಟ್ಟದ್ದಾಯಿತು. ಎದ್ದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, "ನೀವೇ ಬೆರಳಿಡಿ ಟೈಲರ್ರೇ. ಇವತ್ತು ಮಲಗ್ತೀರಾ ಇಲ್ವಾ? ಇವತ್ತಿಂದ ಎಣಿಸಿ," ಎಂದ.

ದರ್ಜಿ ಬೆರಳಿಟ್ಟ. ಹದಿನೇಳು ಒಂದು, ಹದಿನೆಂಟು ಎರಡು. ಇಪ್ಪತ್ತೈದರ ಮೇಲೆ ಒಂಬತ್ತಾಯಿತು. ಮೂವತ್ತರ ಮೇಲೆ ಹದಿನಾಲ್ಕಾಯಿತು. ಬೆರಳಿನ ಮುಂದೆ ಇನ್ನೂ ಒಂದು ಮನೆ ಖಾಲಿ ನಿಂತಿತ್ತು. ಬಟ್ಟೆಯಲ್ಲಿ ಗೆರೆಯಿಂದ ಗೆರೆಗೆ ಅಳೆಯುತ್ತಾರೆ. ದಿನದಲ್ಲಿ ಗೆರೆಗೂ ಬಾಡಿಗೆ. ಇದು ಅವನಿಗೆ ಈ ವಯಸ್ಸಿನಲ್ಲಿ, ಈ ಮೆಟ್ಟಿಲ ಕೆಳಗೆ ತಿಳಿಯಬೇಕಿತ್ತು.

"ಎಷ್ಟಾಯ್ತು ರೀ?" ಎಂದಳು ಹೆಂಡತಿ.

"ಹದಿನೈದು."

ಅವಳು ಮೇಜಿನ ಮೇಲಿನ ದುಡ್ಡಿನ ಕಟ್ಟನ್ನು ನೋಡಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಇನ್ನೂರ ಇಪ್ಪತ್ತು ಕಡಿಮೆ," ಎಂದ ಮ್ಯಾನೇಜರ್.

"ನಾಳೆ ತಂದುಕೊಡ್ತೀನಿ ಸಾರ್. ಒಂದು ಪ್ಯಾಂಟಿನ ಕೂಲಿ ಬರಬೇಕು."

"ಓನರಮ್ಮ ಹೇಳಿದ್ದು ನೀವೂ ಕೇಳಿದ್ರಲ್ಲ. ಫೋನ್ ಮಾಡಿಸಿದ್ದೂ ನೀವೇ." ಇಷ್ಟು ಹೇಳಿ ಅವನು ಸ್ವಲ್ಪ ಯೋಚಿಸಿದ. ನಿಜಕ್ಕೂ ಉಪಕಾರ ಮಾಡುವವನ ಹಾಗೆ ಮುಖ ಅರಳಿತು. "ಒಂದು ಕೆಲಸ ಮಾಡಿ. ನಾಳೆ ಬನ್ನಿ. ಹದಿನೆಂಟರಿಂದ ಲೆಕ್ಕ ಹಾಕಿದ್ರೆ ಹದಿನಾಲ್ಕೇ ದಿನ. ನಿಮ್ಮ ದುಡ್ಡು ಕಾಸಿಗೆ ಕಾಸು ಸರಿ ಹೋಗುತ್ತೆ!"

"ಇವತ್ತು ಎಲ್ಲಿರೋದು?" ಎಂದ ದರ್ಜಿ.

ಮ್ಯಾನೇಜರ್ ಕೀ ಇದ್ದ ಡ್ರಾಯರನ್ನು ಒಳಕ್ಕೆ ತಳ್ಳಿದ.

ಟೆಂಪೋದವನು ಕಾದು ಸಾಕಾಗಿ ತಾನೇ ಇಳಿಸಲು ಶುರು ಮಾಡಿದ್ದ. ಮಂಚ, ಡಬ್ಬಗಳು, ಬಟ್ಟೆಯ ಗಂಟು, ಕಡೆಗೆ ಹೊಲಿಗೆ ಮೆಷಿನ್ನು, ಎಲ್ಲ ಕೆಳಗಿನ ಓಣಿಯಲ್ಲಿ ಗೋಡೆಗೊರಗಿ ನಿಂತವು. ಮೇಲಿನ ಮನೆಯವರು ಪಕ್ಕಕ್ಕೆ ತಿರುಗಿಕೊಂಡು ದಾಟಿದರು. ತಂಗಿಯ ಮನೆಯಲ್ಲಿ ನಾಲ್ಕು ಜನಕ್ಕೆ ಒಂದು ಕೋಣೆ. ಹೆಂಡತಿಯನ್ನು ಅಲ್ಲಿಗೆ ಕಳಿಸಬಹುದು, ಮೆಷಿನ್ನನ್ನಲ್ಲ. ದರ್ಜಿ ಮೇಜಿನ ಮೇಲಿನ ದುಡ್ಡನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಅಷ್ಟು ದುಡ್ಡು ಇಟ್ಟುಕೊಂಡೂ ಅವನು ಆವತ್ತಿನಷ್ಟು ಬರಿಗೈಯವನು ಎಂದೂ ಆಗಿರಲಿಲ್ಲ.

"ಸಾಮಾನು ಇಲ್ಲೇ ಇರಲಿ ಸಾರ್. ನಾನು ಕಾದ್ಕೊಂಡು ಕೂತಿರ್ತೀನಿ. ಬೆಳಿಗ್ಗೆ ಎದ್ದ ಕೂಡ್ಲೇ ಹದಿನಾಲ್ಕು ದಿನದ್ದು ಕೊಟ್ಟುಬಿಡ್ತೀನಿ," ಎಂದ.

ಮ್ಯಾನೇಜರ್ ಓಣಿಯನ್ನು ಉದ್ದಕ್ಕೂ ನೋಡಿದ. ತಲೆ ಕೆರೆದುಕೊಂಡ.

"ಇರಲಿ, ಮನುಷ್ಯತ್ವಕ್ಕೆ. ಆದ್ರೆ ಓಣಿ ಎಲ್ಲರದ್ದು, ದೀಪ ಉರಿಯುತ್ತೆ, ನಲ್ಲಿ ಬಳಸ್ತೀರಿ. ಒಂದು ದಿನದ ಮೇಂಟೆನೆನ್ಸು ಇಪ್ಪತ್ತು ಕೊಟ್ಟುಬಿಡಿ."

ಹೆಂಡತಿ ಬಟ್ಟೆಯ ಗಂಟಿನ ಮೇಲೆ ಕೂತಿದ್ದವಳು ತಲೆಯೆತ್ತಿದಳು.

"ದಿನದ ಲೆಕ್ಕ ಇಲ್ಲವೇ ಇಲ್ಲ ಅಂದ್ರಿ?"

"ಇದು ಬೇರೆ, ಅಮ್ಮಾ."

ಅವಳು ಸೆರಗಿನ ಗಂಟು ಬಿಚ್ಚಿದಳು. ತಂಗಿಯ ಮನೆಗೆ ಹೋಗುವ ಬಸ್ಸಿಗೆಂದು ಇಟ್ಟುಕೊಂಡ ಚಿಲ್ಲರೆಯನ್ನು ಅಂಗೈಯಲ್ಲಿ ಎಣಿಸಿದಳು. ಸರಿಯಾಗಿ ಇಪ್ಪತ್ತಿತ್ತು. ಒಂದೊಂದೇ ನಾಣ್ಯವನ್ನು, ಸದ್ದಾಗುವ ಹಾಗೆ, ಮ್ಯಾನೇಜರನ ಕೈಗೆ ಹಾಕಿದಳು.

"ರಸೀದಿ ಬರೆದುಕೊಡಿ," ಎಂದಳು. "ಒಂದು ದಿನಕ್ಕೆ ಇಪ್ಪತ್ತು ಅಂತ. ನಾವು ಬಿಟ್ಟುಹೋಗೋ ದಿನ ಬೇಕಾಗುತ್ತೆ."

ಮ್ಯಾನೇಜರ್ ಪೆನ್ನು ಹುಡುಕುತ್ತಾ ಮೆಟ್ಟಿಲ ಕೆಳಗೆ ಹೋದ. ದರ್ಜಿ ಹೆಂಡತಿಯ ಪಕ್ಕದಲ್ಲಿ ಗಂಟಿನ ಮೇಲೆ ಜಾಗ ಮಾಡಿಕೊಂಡು ಕೂತು, "ಬಸ್ಸಿಗೆ?" ಎಂದ.

"ನಡೀತೀನಿ," ಎಂದಳು ಅವಳು. "ಮೊದಲು ರಸೀದಿ ಬರಲಿ."