ತಾರೀಕು ಬದಲಾಯಿಸುವ ಚೀಟಿ

"ಒಂದು ತಾರೀಕು ಬದಲಾಯಿಸೋಕೆ ಎಷ್ಟು ಹೊತ್ತು ಬೇಕು?"

ಮ್ಯಾನೇಜರ್ ಕೇಳಿದ್ದು ನಮ್ಮಲ್ಲಿ ಯಾರನ್ನೂ ಅಲ್ಲ, ಸದ್ದು ಮಾಡುತ್ತ ತಿರುಗುತ್ತಿದ್ದ ಫ್ಯಾನನ್ನು. ಅದು ತಿರುಗುತ್ತಲೇ ಇತ್ತು. ಮೇಜಿನ ಮೇಲೆ ನಾಲ್ಕು ಕಾರ್ಡುಗಳು ಮುಖ ಮೇಲೆ ಮಾಡಿ ಬಿದ್ದಿದ್ದವು: ಎರಡು, ಮೂರು, ಮೂರು, ಇಪ್ಪತ್ತು.

ಸಭೆ ನಡೆಸುವ ಕೆಲಸ ನನ್ನದು. ಮುಂದಿನ ಎರಡು ವಾರದಲ್ಲಿ ಮಾಡಬೇಕಾದ ಕೆಲಸಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ತಂದು ಓದುತ್ತೇನೆ. ಪ್ರತಿಯೊಬ್ಬರೂ ಆ ಕೆಲಸದ ಗಾತ್ರಕ್ಕೆ ತಕ್ಕ ಕಾರ್ಡನ್ನು ಬೋರಲು ಹಾಕುತ್ತಾರೆ, ಆಮೇಲೆ ಎಲ್ಲರೂ ಒಟ್ಟಿಗೇ ತಿರುಗಿಸುತ್ತಾರೆ. ಒಬ್ಬರ ಕಾರ್ಡು ನೋಡಿ ಇನ್ನೊಬ್ಬರು ಹಾಕಬಾರದು ಎಂದೇ ಈ ನಿಯಮ. ಕಾರ್ಡಿನ ಅಂಕಿ ದಿನಗಳ ಲೆಕ್ಕವಲ್ಲ. ನಾವು ಹಿಂದೆ ಮಾಡಿದ ಲಾಗಿನ್ ಪುಟಕ್ಕೆ ಎರಡು ಎಂದಿಟ್ಟುಕೊಂಡಿದ್ದೇವೆ, ಮಿಕ್ಕದ್ದೆಲ್ಲ ಅದಕ್ಕೆ ಹೋಲಿಸಿ. ಇದನ್ನು ಮ್ಯಾನೇಜರಿಗೆ ನಾನು ಹೇಳಿದ್ದು ಎಷ್ಟು ಸಲವೋ ನೆನಪಿಲ್ಲ. ಇವತ್ತೂ ಅವರು ಇಪ್ಪತ್ತನ್ನು ನೋಡಿದ ಕೂಡಲೇ, ಇಪ್ಪತ್ತು ದಿನವಾ ಎಂದು ಕಣ್ಣರಳಿಸಿದ್ದರು.

ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಡಯಾಲಿಸಿಸ್ ಕೇಂದ್ರದ ರೋಗಿ ತನ್ನ ಸರದಿಯ ತಾರೀಕನ್ನು ತಾನೇ ಫೋನಿನ ಆ್ಯಪಿನಲ್ಲಿ ಬದಲಾಯಿಸಿಕೊಳ್ಳುವಂತಿರಬೇಕು.

ಎರಡು ಹಾಕಿದವನು ನಮ್ಮ ಹಿರಿಯ ಪ್ರೋಗ್ರಾಮರ್. ಯಾವ ಕೆಲಸಕ್ಕೂ ಎರಡೇ ಹಾಕುತ್ತಾನೆಂದು ಅವನ ಹೆಸರೇ ಎರಡಣ್ಣ ಎಂದಾಗಿದೆ. ಮೂರು ಹಾಕಿದವರು ಪುಟಗಳ ವಿನ್ಯಾಸ ಮಾಡುವ ಹುಡುಗಿ ಮತ್ತು ಡೇಟಾಬೇಸ್ ನೋಡಿಕೊಳ್ಳುವ ಮೌನಿ. ಇಪ್ಪತ್ತು ಹಾಕಿದ್ದು ಅಕ್ಕ. ನಾವು ಮಾಡಿದ್ದನ್ನೆಲ್ಲ ಕೊನೆಯಲ್ಲಿ ಪರೀಕ್ಷೆ ಮಾಡುವವರು ಅವರು, ವಯಸ್ಸಿನಲ್ಲೂ ನಮಗೆಲ್ಲ ಹಿರಿಯರು.

ಅಕ್ಕನ ಇಪ್ಪತ್ತಿನ ಹಿಂದೆ ಏನಿದೆ ಎಂದು ನನಗೆ ಅರ್ಧ ಗೊತ್ತಿತ್ತು. ಬರುವ ವಾರ ಬಿಟ್ಟು ಅದರಾಚೆಯ ಗುರುವಾರ ಅವರ ತಾಯಿಯ ಕಣ್ಣಿನ ಆಪರೇಷನ್. ಎರಡು ಸಲ ಮುಂದೆ ಹೋಗಿದೆ. ಎರಡು ಸಲವೂ ಎರಡಣ್ಣನ 'ಎರಡು' ಬೆಳೆದು ಬೆಟ್ಟವಾಗಿ, ಪರೀಕ್ಷೆಯ ಕೆಲಸವೆಲ್ಲ ಕೊನೆಯ ಮೂರು ದಿನಕ್ಕೆ ಬಂದು ಬಿದ್ದು, ಅಕ್ಕನ ರಜೆ ರದ್ದಾಗಿತ್ತು. ಹೋದ ಸಲ ಆ ತಾಯಿ ಒಬ್ಬರೇ ಆಸ್ಪತ್ರೆಗೆ ಹೋಗಿ, ಜೊತೆಗೆ ಯಾರೂ ಇಲ್ಲದವರಿಗೆ ಆಪರೇಷನ್ ಮಾಡುವುದಿಲ್ಲ ಎಂದು ಹೇಳಿಸಿಕೊಂಡು, ಆಟೋ ಹಿಡಿದು ವಾಪಸು ಬಂದಿದ್ದರು.

ಮ್ಯಾನೇಜರ್ ಫೋನಿನಲ್ಲಿ ಲೆಕ್ಕ ಹಾಕಿ, ಒಟ್ಟು ಇಪ್ಪತ್ತೆಂಟು, ನಾಲ್ಕರಿಂದ ಭಾಗಿಸಿದರೆ ಏಳು, ಬರೆದುಕೊಳ್ಳಿ ಎಂದರು. ನಮ್ಮ ಕಾರ್ಡುಗಳಲ್ಲಿ ಐದಾದ ಮೇಲೆ ಎಂಟು, ಏಳರ ಕಾರ್ಡೇ ಇಲ್ಲ ಎಂದೆ. ಹಾಗಾದರೆ ಐದು ಎಂದರು.

"ಸಾರ್, ಮೂರು ಜನಕ್ಕೆ ಇಲಿ ಕಂಡಿದೆ, ಒಬ್ಬರಿಗೆ ಆನೆ ಕಂಡಿದೆ. ಸರಾಸರಿ ತೆಗೆದು ಮೇಕೆ ಅಂತ ಬರೆದ್ರೆ, ಆ ಮೇಕೆನ ಇಲ್ಲಿ ಯಾರೂ ನೋಡೇ ಇಲ್ಲ."

ಅವರು ಗಡಿಯಾರ ನೋಡಿದರು. ಒಂದೇ ಚೀಟಿಗೆ ನಲವತ್ತು ನಿಮಿಷ ಹೋಗಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವುದು ಸರಿ, ಎರಡಕ್ಕೂ ಒಂದೇ ನೊಗ ಕಟ್ಟಿದ ನನ್ನ ಕುತ್ತಿಗೆ ನೋಯುತ್ತಿತ್ತು. ಆದರೂ ನಿಯಮ ನಿಯಮವೇ. ಎಲ್ಲರಿಗಿಂತ ಕಡಿಮೆ ಹಾಕಿದವರು ಮೊದಲು, ಎಲ್ಲರಿಗಿಂತ ಹೆಚ್ಚು ಹಾಕಿದವರು ಆಮೇಲೆ ಮಾತಾಡಬೇಕು, ಮಿಕ್ಕವರು ಕೇಳಬೇಕು.

ಎರಡಣ್ಣ ಕುರ್ಚಿಯಲ್ಲಿ ಜಾರಿ ಕೂತೇ ಹೇಳಿದ. ಸರದಿಯ ಪಟ್ಟಿಯಲ್ಲಿ ತಾರೀಕಿನ ಒಂದು ಮನೆ ಇದೆ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದು, ಒಂದು ಪುಟ, ಒಂದು ಗುಂಡಿ. ಇದಕ್ಕೆ ಇಪ್ಪತ್ತು ಅನ್ನುವವರು ಹಲ್ಲುಜ್ಜುವುದಕ್ಕೂ ನೀಲನಕ್ಷೆ ಕೇಳುತ್ತಾರೆ ಎಂದೂ ಸೇರಿಸಿದ. ವಿನ್ಯಾಸದ ಹುಡುಗಿ ನಕ್ಕಳು. ಅಕ್ಕ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಮೇಜಿನ ತುದಿಯಲ್ಲಿ ಕೂತಿದ್ದ ಸಿಸ್ಟರ್ ಕಡೆ ತಿರುಗಿದರು. ಡಯಾಲಿಸಿಸ್ ಕೇಂದ್ರದಲ್ಲಿ ಹದಿನಾರು ವರ್ಷ ನರ್ಸ್ ಆಗಿದ್ದು, ಈಗ ಅಲ್ಲಿಗೆ ಏನು ಬೇಕೆಂದು ನಮಗೆ ಹೇಳಲು ಬರುವವರು ಅವರು.

"ಸಿಸ್ಟರ್, ಮಂಗಳವಾರದವರು ಬುಧವಾರ ಬರ್ತೀನಿ ಅಂದ್ರೆ, ಯಾವ ಮಷೀನ್ ಮೇಲೆ ಕೂರಿಸ್ತೀರಿ?"

"ಯಾವುದು ಖಾಲಿ ಇರುತ್ತೋ ಅದು." ಸಿಸ್ಟರ್ ತಡೆದರು. "ಹೆಪಟೈಟಿಸ್ ಬಿ ಇರೋರನ್ನ ಬಿಟ್ಟು. ಅವರಿಗೆ ಮಷೀನೂ ಬೇರೆ, ರೂಮೂ ಬೇರೆ. ಅವರನ್ನ ಬೇರೆ ಮಷೀನಿಗೆ ಹಾಕೋ ಹಾಗೇ ಇಲ್ಲ."

ಎರಡಣ್ಣ ನೆಟ್ಟಗೆ ಕೂತ. ಚೀಟಿಯಲ್ಲಿ ಅದು ಇಲ್ಲವಲ್ಲ ಎಂದ.

"ಅದನ್ನೂ ಬರೀಬೇಕಾ? ಎಲ್ಲರಿಗೂ ಗೊತ್ತಿರೋದೇ ಅಲ್ವಾ?"

ಆ ಎಲ್ಲರಲ್ಲಿ ನಾವು ಒಬ್ಬರೂ ಇರಲಿಲ್ಲ.

ಬೋರ್ಡಿನ ಹತ್ತಿರ ಹೋದೆ. ಒಂದು ಮಾರ್ಕರ್ ಒಣಗಿತ್ತು, ಇನ್ನೊಂದೂ ಒಣಗಿತ್ತು, ಮೂರನೆಯದು ಮಾತ್ರ ಮಸುಕಾಗಿ ಬರೆಯಿತು. ಎಲ್ಲರೂ ಗೊತ್ತೆಂದುಕೊಂಡದ್ದು ಎಂದು ತಲೆಬರಹ ಹಾಕಿದೆ. ಸಿಸ್ಟರ್ ಒಂದೊಂದಾಗಿ ಹೇಳುತ್ತ ಹೋದರು. ಹೆಚ್ಚಿನ ರೋಗಿಗಳಿಗೆ ವಾರಕ್ಕೆ ಮೂರು ಸರದಿ. ಒಂದನ್ನು ಸರಿಸಿದರೆ ಆ ಕಡೆ ಈ ಕಡೆಯ ಅಂತರ ಕೆಡುತ್ತದೆ, ಅಂತರ ಉದ್ದವಾದರೆ ಮೈಯಲ್ಲಿ ನೀರು ತುಂಬುತ್ತದೆ, ಆದ್ದರಿಂದ ದಿನ ಬದಲಾದರೆ ಡಾಕ್ಟರ್ ಒಪ್ಪಬೇಕು. ಇದೆಲ್ಲವನ್ನೂ ಈಗ ಕೇಂದ್ರದ ರಿಸೆಪ್ಷನ್ ಮೇಜಿನವರು ಫೋನಿನಲ್ಲಿ ಕೇಳಿಕೊಂಡು ತಲೆಯಲ್ಲೇ ನಿಭಾಯಿಸುತ್ತಾರೆ.

ಎರಡಣ್ಣ ಸೋತದ್ದನ್ನು ಒಪ್ಪಿಕೊಂಡ, ಆದರೆ ಸುಮ್ಮನಾಗಲಿಲ್ಲ.

"ಸರಿ ಅಕ್ಕ, ಇದೆಲ್ಲ ಸೇರಿದ್ರೂ ಇಪ್ಪತ್ತು ಹೇಗೆ? ಇನ್ನೇನು ಇಟ್ಕೊಂಡಿದ್ದೀರಿ ಒಳಗೆ?"

ರೋಗಿಗೂ ವಾರ್ಡಿಗೂ ಸಂದೇಶ ಕಳಿಸುವ ಏರ್ಪಾಡನ್ನು ಹೊಸದಾಗಿ ಕಟ್ಟಬೇಕಲ್ಲ ಎಂದರು ಅಕ್ಕ. ಆಗ ಮೌನಿ ಆ ಬೆಳಿಗ್ಗೆಯ ತನ್ನ ಮೊದಲ ಮಾತು ಆಡಿದ. ಅದು ಆಗಲೇ ಇದೆ, ಸರದಿ ರದ್ದು ಮಾಡುವುದಕ್ಕೆಂದು ಹೋದ ತಿಂಗಳು ಮಾಡಿದ್ದು, ತಾರೀಕು ಬದಲಾದರೂ ತಾನೇ ಹೋಗುತ್ತದೆ.

"ನನಗೆ ಯಾರೂ ಹೇಳ್ಲಿಲ್ವಲ್ಲಪ್ಪ."

"ಯಾರೂ ಕೇಳ್ಲಿಲ್ಲ," ಎಂದ ಮೌನಿ.

ಮತ್ತೆ ಕಾರ್ಡು ಹಾಕಿಸಿದೆ. ಕಾರ್ಡು ಬೋರಲಾಗುವ ಮೊದಲೇ ಮ್ಯಾನೇಜರ್, ಎಂಟು ಇರಬಹುದಲ್ಲವೇ ಎಂದರು. ಮೊದಲೇ ಅಂಕಿ ಹೇಳಿದರೆ ಎಲ್ಲರ ಕೈಯೂ ಅದರ ಸುತ್ತಲೇ ಸುತ್ತುತ್ತದೆ, ದಯವಿಟ್ಟು ಬೇಡ ಎಂದು ಕೈ ಮುಗಿದೆ. ಇವತ್ತಿಗೆ ಇದು ಮೂರನೆಯ ಕೈ ಮುಗಿತ. ತಿರುಗಿಸಿದಾಗ ಎಂಟು, ಹದಿಮೂರು, ಹದಿಮೂರು, ಹದಿಮೂರು. ಎಂಟು ಎರಡಣ್ಣನದು. ಅವನ ಮಟ್ಟಿಗೆ ಅದು ತಪಸ್ಸು. ಡಾಕ್ಟರ ಒಪ್ಪಿಗೆಗೆ ಬೇರೆ ಪುಟ ಬೇಕೆಂದು ಹುಡುಗಿ ಹೇಳಿದ ಮೇಲೆ ಅವನೂ ಹದಿಮೂರಕ್ಕೆ ಬಂದ.

ಹದಿಮೂರು ಒಂದೇ ತುತ್ತಿಗೆ ದೊಡ್ಡದು. ಚೀಟಿಯನ್ನು ಎರಡು ಮಾಡಿದೆವು. ಮೊದಲನೆಯದು, ಸೋಂಕಿಲ್ಲದವರು ಅದೇ ದಿನದಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಬದಲಾಯಿಸಿಕೊಳ್ಳುವುದು. ಅದಕ್ಕೆ ಎಲ್ಲರೂ ಐದು. ದಿನ ಬದಲಾಯಿಸುವುದು, ಬೇರೆ ರೂಮಿನವರದು, ಡಾಕ್ಟರ ಒಪ್ಪಿಗೆ, ಇವೆಲ್ಲ ಎರಡನೆಯದು. ಅದಕ್ಕೆ ಎಂಟು. ಅಲ್ಲಿಯವರೆಗೆ ಅವರು ಈಗಿನಂತೆ ಫೋನ್ ಮಾಡಲಿ ಎಂದು ಸಿಸ್ಟರ್ ಒಪ್ಪಿದರು.

ಎರಡು ವಾರಕ್ಕೆ ನಮ್ಮ ಕೈಯಲ್ಲಿ ಸಾಮಾನ್ಯವಾಗಿ ಮುಗಿಯುವುದು ಇಪ್ಪತ್ತು. ಬೇರೆ ಚೀಟಿಗಳಿಂದಲೇ ಅದರಲ್ಲಿ ಹದಿಮೂರು ಆಗಲೇ ತುಂಬಿತ್ತು. ಐದು ಹಿಡಿಯುತ್ತದೆ, ಎಂಟು ಹಿಡಿಯುವುದಿಲ್ಲ. ನಾನು ಎಂಟರ ಚೀಟಿಯನ್ನು ಮುಂದಿನ ಸಲದ ಕಟ್ಟಿಗೆ ಸೇರಿಸಿದೆ. ಅಕ್ಕ ಮೊದಲ ಸಲ ಬೆನ್ನನ್ನು ಕುರ್ಚಿಗೆ ಒರಗಿಸಿದರು.

ಮ್ಯಾನೇಜರ್ ಆ ಚೀಟಿಯನ್ನು ಕಟ್ಟಿನಿಂದ ಎಳೆದು ಮತ್ತೆ ಮೇಜಿನ ಮೇಲಿಟ್ಟರು. ಎರಡೂ ಈ ಸಲವೇ ಆಗುತ್ತದೆಂದು ಮೇಲಿನವರಿಗೆ ಹೇಳಿಯಾಗಿದೆ ಎಂದರು. ಎರಡಣ್ಣ ಶನಿವಾರವೂ ಬರಲಿ, ಎರಡನೆಯ ವಾರ ಪೂರ್ತಿ ಪರೀಕ್ಷೆ ನಡೆದರೆ ಮುಗಿಯುತ್ತದೆ ಎಂದರು. ಆಮೇಲೆ ದನಿ ಮೆತ್ತಗೆ ಮಾಡಿಕೊಂಡು ಅಕ್ಕನ ಕಡೆ ವಾಲಿದರು.

"ನಿಮ್ಮ ಗುರುವಾರದ ರಜೆ ಒಂದು ವಾರ ಮುಂದೆ ಹಾಕ್ಕೊಳ್ಳಿ. ಆಸ್ಪತ್ರೆಗೆ ಒಂದು ಫೋನ್ ಮಾಡಿದ್ರೆ ಆಯ್ತು. ತಾರೀಕು ಬದಲಾಯಿಸೋದು ತಾನೆ?"

ಎರಡಣ್ಣ ತಲೆ ತಗ್ಗಿಸಿ ತನ್ನ ಎರಡರ ಕಾರ್ಡನ್ನು ಬೋರಲು ಹಾಕಿದ. ಅಕ್ಕ ಬೋರ್ಡಿನ ಮೇಲಿನ ಮಸುಕು ಪಟ್ಟಿಯನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಎಂಟರ ಚೀಟಿಯನ್ನು ಎತ್ತಿ ನನ್ನ ಕೈಗೆ ವಾಪಸು ಕೊಟ್ಟರು.

"ಇಲ್ಲ ಸಾರ್. ಬದಲಾಯಿಸಲ್ಲ."