ಗೆರೆ ಏಳದ ಮಾತು

ಹತ್ತನೇ ವಾರವೂ ಹಸಿರು ಗೆರೆ ಏಳಲಿಲ್ಲ.

ಆಸ್ಪತ್ರೆಯ ಆ ಪುಟ್ಟ ಕೋಣೆಯಲ್ಲಿ ಸ್ಪೀಚ್ ಥೆರಪಿಸ್ಟ್ ಕಂಪ್ಯೂಟರಿನ ಪರದೆಯನ್ನೇ ದಿಟ್ಟಿಸುತ್ತ ಕೂತಿದ್ದಳು. ದನಿ ಏರಿದರೆ ಗೆರೆ ಏರಬೇಕು, ಇಳಿದರೆ ಇಳಿಯಬೇಕು. ಎದುರಿಗಿದ್ದ ಮೇಸ್ತ್ರಿ ಬಾಯಿ ತೆರೆದರೆ ಮಾತ್ರ ಅದು ಇಸ್ತ್ರಿ ಹಾಕಿದ ಹಾಗೆ ಸಪಾಟಾಗಿ ಮಲಗಿಬಿಡುತ್ತಿತ್ತು.

ಬಂದರಿನಲ್ಲಿ ಮೇಸ್ತ್ರಿಗೆ ಮೈಕಾಸುರ ಎಂದೇ ಹೆಸರು. ಹಡಗಿನಿಂದ ಸರಕು ಇಳಿಸುವಾಗ ಕೆಳಗೆ ನಿಂತು, ಮೇಲೆ ಕೂತ ಕ್ರೇನ್ ಆಪರೇಟರಿಗೆ ವಾಕಿ-ಟಾಕಿಯಲ್ಲಿ ದಾರಿ ಹೇಳುವುದು ಅವರ ಕೆಲಸ. ಸ್ಟ್ರೋಕ್ ಆದ ಮೇಲೆ ಮಾತು ಮರಳಿತು, ಆದರೆ ದನಿಯ ಏರಿಳಿತ ಮರಳಲಿಲ್ಲ. ಆಪರೇಟರ್ ತಪ್ಪು ಕೇಳಿಸಿಕೊಂಡರೆ ತಿದ್ದಬೇಕು, ತಿದ್ದಿದ್ದು ಯಾವ ಪದವನ್ನು ಎಂಬುದು ಆ ಕ್ಷಣವೇ ಅವನಿಗೆ ಹೊಳೆಯಬೇಕು. ಹೊಳೆಯದಿದ್ದರೆ ಟನ್‌ಗಟ್ಟಲೆ ಕಬ್ಬಿಣ ಯಾರ ತಲೆಯ ಮೇಲೋ ಇಳಿಯುತ್ತದೆ. ಹಾಗಾಗಿ ಬಂದರಿನವರು ಥೆರಪಿಸ್ಟ್ ಕೊಡುವ ಪತ್ರ ಕೇಳಿದ್ದರು. ಆಗುತ್ತದೆ ಎಂದು ಬರೆದರೆ ಹಳೇ ಕೆಲಸ, ಆಗುವುದಿಲ್ಲ ಎಂದರೆ ಗೋದಾಮಿನ ಬಾಗಿಲು ಕಾಯುವುದು. ಪತ್ರ ಇವತ್ತು ನಾಲ್ಕು ಗಂಟೆಯೊಳಗೆ ಹೋಗಬೇಕಿತ್ತು.

ಅವಳು ಮತ್ತೊಂದು ಕಾರ್ಡು ಎತ್ತಿದಳು. ಹುಡುಗಿಯೊಬ್ಬಳು ಕಿಟಕಿ ಒರೆಸುವ ಚಿತ್ರ, ಕೆಳಗೆ ‘ತಂಗಿ ನಿನ್ನೆ ಕಿಟಕಿ ಒರೆಸಿದಳು’ ಎಂಬ ವಾಕ್ಯ. ಅಕ್ಕ ಒರೆಸಿದಳಾ ಎಂದು ಕೇಳಿದರೆ ‘ತಂಗಿ’ಯ ಮೇಲೆ ದನಿ ಏರಬೇಕು. ಮೊನ್ನೆ ಒರೆಸಿದಳಾ ಎಂದರೆ ‘ನಿನ್ನೆ’ಯ ಮೇಲೆ. ಬಾಗಿಲು ಒರೆಸಿದಳಾ ಎಂದರೆ ‘ಕಿಟಕಿ’ಯ ಮೇಲೆ. ಪದಗಳು ಅವೇ, ಪ್ರಶ್ನೆ ಬದಲಾದಂತೆ ಒತ್ತು ಬದಲಾಗಬೇಕು. ಮೇಸ್ತ್ರಿ ಮೂರಕ್ಕೂ ಒಂದೇ ರಾಗದಲ್ಲಿ, ರಾಗವೇ ಇಲ್ಲದ ರಾಗದಲ್ಲಿ, ವಾಕ್ಯವನ್ನು ಒಪ್ಪಿಸಿದರು. ಕೇಳಿದವರಿಗೆ ಅದು ಅಕ್ಕನ ಬದಲು ತಂಗಿಯೋ, ಬಾಗಿಲಿನ ಬದಲು ಕಿಟಕಿಯೋ ತಿಳಿಯುವಂತಿರಲಿಲ್ಲ.

ಅವಳ ತಾಳ್ಮೆ ಕೆಟ್ಟಿತು. ನೀವು ಮನಸ್ಸಿಟ್ಟು ಮಾಡುತ್ತಿಲ್ಲ ಎಂದು ನೇರವಾಗಿ ಹೇಳಿಬಿಟ್ಟಳು. ಮೂಲೆಯ ಕುರ್ಚಿಯಲ್ಲಿದ್ದ ಮೇಸ್ತ್ರಿಯ ಹೆಂಡತಿ ಸೆರಗಿನ ಅಂಚು ಸುತ್ತುತ್ತ ತಲೆ ತಗ್ಗಿಸಿದರು. ಮೇಸ್ತ್ರಿ ಮುಂದಿನ ಕಾರ್ಡಿನ ಕಡೆ ನೋಡಿದರು. ಅದೂ ಇವಳನ್ನು ರೇಗಿಸಿತು. ಹತ್ತು ವಾರ ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಎಂದುಕೊಂಡು, ಕಾರ್ಡುಗಳನ್ನು ಬದಿಗೆ ತಳ್ಳಿ ಪತ್ರದ ಫಾರಂ ಎಳೆದುಕೊಂಡಳು.

ದಾಖಲಾತಿ ಹಾಳೆಯ ಹಳೆಯ ವಿವರಗಳನ್ನು ಗಟ್ಟಿಯಾಗಿ ಓದುತ್ತಾ ತುಂಬತೊಡಗಿದಳು. ವಯಸ್ಸು, ಕೆಲಸ, ಸ್ಟ್ರೋಕ್ ಆದ ತಿಂಗಳು. ಎಡಗೈ ಸೋತಿದೆ ಎಂದು ಓದಿ ಬರೆದಳು.

"ಸೋತಿರೋದು ಬಲಗೈ," ಎಂದರು ಮೇಸ್ತ್ರಿ. "ಎಡಗೈಯಂತೂ ಗಟ್ಟಿಯಾಗೇ ಇದೆ."

ಅವಳು ಎಡ ಎಂಬುದನ್ನು ಹೊಡೆದು ಬಲ ಎಂದು ಬರೆದಳು. ಬರೆದ ಪೆನ್ನು ಅಲ್ಲೇ ನಿಂತಿತು. ಮೈಕ್ ಇನ್ನೂ ಚಾಲೂ ಇತ್ತು. ಪರದೆಯ ಮೇಲೆ ಗೆರೆ ಎಂದಿನಂತೆ ಸಪಾಟಾಗಿತ್ತು. ಆದರೂ ಯಾವುದನ್ನು ತಿದ್ದಬೇಕು ಎಂದು ಅವಳ ಕೈ ಯೋಚಿಸಿರಲೇ ಇಲ್ಲ.

"ಮನೇಲೂ ಈಗ ಹೇಳಿದ ಹಾಗೇ ಮಾತಾಡ್ತಾರಾ?" ಎಂದು ಹೆಂಡತಿಯನ್ನು ಕೇಳಿದಳು.

"ಮನೇಲಿ ಹೀಗೇ ಮೇಡಂ. ಇಲ್ಲಿ ಬಂದ್ರೆ ಮಾತ್ರ ಕಾರ್ಡಿನ ಥರ ಆಗ್ಬಿಡ್ತಾರೆ." ಆಕೆ ಮೊದಲ ಸಲ ನಕ್ಕರು. "ನಿನ್ನೆ ಮಧ್ಯಾಹ್ನ ‘ನಾನಂತೂ ಊಟ ಮಾಡಿದೆ’ ಅಂದ್ರು. ದನೀಲಿ ಏನೂ ಇರ್ಲಿಲ್ಲ. ಆದ್ರೆ ನಾನಿನ್ನೂ ಉಂಡಿಲ್ಲ ಅನ್ನೋದು ಅವರಿಗೆ ಗೊತ್ತಾಗಿದೆ ಅಂತ ನಂಗೆ ತಿಳೀತು. ತಟ್ಟೆ ಹಾಕ್ಕೊಂಡು ಕೂತೆ."

ಥೆರಪಿಸ್ಟ್ ಕಪಾಟಿನಿಂದ ಮೇಸ್ತ್ರಿಯ ಫೈಲು ತೆಗೆದು ಮೊದಲ ವಾರದ ಹಾಳೆಗೆ ಹೋದಳು. ಅವಳದೇ ಕೈಬರಹ, ಕೆಂಪು ಶಾಯಿ. ಅಕ್ಕನಾ ಎಂದು ಕೇಳಿದ್ದಕ್ಕೆ ಮೇಸ್ತ್ರಿ ಅಂದು ‘ತಂಗಿಯೇ ಒರೆಸಿದ್ದು’ ಎಂದಿದ್ದರು. ಪಕ್ಕದಲ್ಲಿ ಇವಳು ಬರೆದಿದ್ದಳು: ಪದಕ್ಕೆ ‘ಏ’ ಸೇರಿಸಿದ್ದಾರೆ, ತಪ್ಪು. ಬಾಗಿಲಾ ಎಂದಿದ್ದಕ್ಕೆ ‘ತಂಗಿ ಒರೆಸಿದ್ದು ಕಿಟಕಿ’. ಅಲ್ಲಿ: ಕ್ರಮ ಬದಲು, ತಪ್ಪು. ಎರಡನೇ ವಾರದಲ್ಲೂ ಅದೇ ಕೆಂಪು. ಮೂರನೇ ವಾರದ ಆರಂಭದಲ್ಲಿ ಒಂದು ಸೂಚನೆ: ‘ಕಾರ್ಡಿನಲ್ಲಿ ಇದ್ದಂತೆಯೇ ಹೇಳಬೇಕು, ಏನೂ ಸೇರಿಸಬಾರದು, ಹಿಂದೆ ಮುಂದೆ ಮಾಡಬಾರದು ಎಂದು ಹೇಳಲಾಗಿದೆ.’ ಆಮೇಲೆ ಕೆಂಪು ಶಾಯಿ ಇರಲಿಲ್ಲ. ಹೇಳಿದಂತೆ ಕೇಳುವುದು ಬಂದರಿನ ಕೆಲಸದಲ್ಲಿ ರಕ್ತಗತವಾದ ಮನುಷ್ಯ, ಕೇಳಿದ್ದರು.

ಅವಳು ಫೈಲನ್ನು ತೆರೆದಂತೆಯೇ ಮೇಜಿನ ಮೇಲಿಟ್ಟಳು. ದನಿ ಕೈಕೊಟ್ಟಾಗ ಈ ಮನುಷ್ಯ ಭಾಷೆಯ ಇನ್ನೊಂದು ಕೈ ಹಿಡಿದುಕೊಂಡಿದ್ದ. ಒತ್ತು ಕೊಡಬೇಕಾದ ಪದಕ್ಕೆ ‘ಏ’ ಅಂಟಿಸಿ, ಗೊತ್ತಿರುವುದನ್ನು ಮುಂದೆ ಮಾಡಿ ಹೊಸದನ್ನು ಕೊನೆಗಿಟ್ಟು, ಹೇಗೋ ದಾಟಿಸುತ್ತಿದ್ದ. ಅವಳು ಆ ಕೈಯನ್ನೇ ಕಟ್ಟಿಹಾಕಿದ್ದಳು. ಕಟ್ಟಿಹಾಕಿ, ಮನಸ್ಸಿಟ್ಟು ಮಾಡುತ್ತಿಲ್ಲ ಎಂದು ಬೇರೆ ಬೈದಿದ್ದಳು.

ಗಂಟೆ ಎರಡೂವರೆ. ಪಶ್ಚಾತ್ತಾಪದಿಂದ ಪತ್ರ ಬರೆದರೆ ಕ್ರೇನಿನ ಕೆಳಗಿರುವವರಿಗೆ ಅನ್ಯಾಯ. ಸೆಕ್ಯುರಿಟಿಯವರಿಂದ ಎರಡು ವಾಕಿ-ಟಾಕಿ ಬೇಡಿ ತಂದಳು. ಹೊರಗೆ ರೋಗಿಗಳ ಹೆಸರು ಬರೆದುಕೊಳ್ಳುವ ಹುಡುಗಿಯನ್ನು ಕರೆದು ಮೇಜಿನ ಮುಂದೆ ಕೂರಿಸಿದಳು. ಮೂರು ಬಣ್ಣದ ಡಬ್ಬಿ, ಎಡ ಬಲ ಎರಡು ಜಾಗ. ಹುಡುಗಿ ತನಗೆ ಕೊಟ್ಟ ಚೀಟಿ ನೋಡಿ ಡಬ್ಬಿ ಇಡಬೇಕು. ಆ ಚೀಟಿಯಲ್ಲಿ ಬಣ್ಣವೋ ಜಾಗವೋ ಒಂದು ತಪ್ಪಿರುತ್ತದೆ ಎಂದಷ್ಟೇ ಅವಳಿಗೆ ಗೊತ್ತು. ಸರಿಯಾದ ಚೀಟಿ ಮೇಸ್ತ್ರಿಯ ಬಳಿ. ಅವರು ಕೋಣೆಯ ಗಾಜಿನ ಬಾಗಿಲಾಚೆ ನಿಂತು ಒಂದೇ ವಾಕ್ಯದಲ್ಲಿ ತಿದ್ದಬೇಕು. ಮಾತು ಮುಗಿಯುತ್ತಿದ್ದಂತೆ ಹುಡುಗಿ ತಪ್ಪಿದ್ದನ್ನಷ್ಟೇ ಬದಲಿಸಬೇಕು, ಯೋಚಿಸುತ್ತ ನಿಂತರೂ ಅದು ಎಡವಿದ ಲೆಕ್ಕ.

ಮೊದಲು ಕಾರ್ಡಿನ ಧಾಟಿಯಲ್ಲಿ ಹತ್ತು ಸಲ ಮಾಡಿಸಿದಳು. ‘ನೀಲಿ ಡಬ್ಬಿ ಎಡಕ್ಕೆ ಇಡಬೇಕು.’ ಗರಗರ ಸದ್ದಿನ ನಡುವೆ ಸಪಾಟಾದ ಆ ವಾಕ್ಯ ಕೇಳಿ ಹುಡುಗಿಯ ಕೈ ಡಬ್ಬಿಗೂ ಜಾಗಕ್ಕೂ ನಡುವೆ ತಡವರಿಸಿತು. ಆರು ಸಲ ಎಡವಿದಳು.

ಆಮೇಲೆ ಥೆರಪಿಸ್ಟ್ ಹೊರಗೆ ಬಂದು, ಇನ್ನು ನಿಮಗೆ ಹೇಗೆ ಬರುತ್ತೋ ಹಾಗೆ ಹೇಳಿ ಎಂದಳು. ಮೇಸ್ತ್ರಿ ವಾಕಿ-ಟಾಕಿಯ ಗುಂಡಿ ಒತ್ತಿದರು.

"ಎಡಕ್ಕೆ ಇಡೋದು ನೀಲಿ." ಡಬ್ಬಿ ಬದಲಾಯಿತು, ಜಾಗ ಬದಲಾಗಲಿಲ್ಲ. "ಹಳದಿ ಇಡೋದು ಬಲಕ್ಕೆ." ಡಬ್ಬಿ ಅದೇ, ಜಾಗ ಬದಲಾಯಿತು. ಹೀಗೆ ಇಪ್ಪತ್ತು ಸಲ ಮಾಡಿಸಿದರೆ ಹತ್ತೊಂಬತ್ತು ಸರಿ. ಗಾಜಿನ ಪಕ್ಕ ನಿಂತಿದ್ದ ಹೆಂಡತಿ ಸೆರಗಿನ ಅಂಚು ಬಿಟ್ಟರು.

ಮೂರೂ ಮುಕ್ಕಾಲಿಗೆ ಅವಳು ಫಾರಂ ತುಂಬಿದಳು. ದನಿಯ ಏರಿಳಿತಕ್ಕೆ ಇದ್ದ ಚೌಕದಲ್ಲಿ ‘ಇಲ್ಲ’ ಎಂದೇ ಬರೆದಳು. ತಿದ್ದಿದ್ದು ತಿಳಿಯುತ್ತದೆಯೇ ಎಂದು ಕೇಳುವ ಚೌಕ ಫಾರಂ ಮಾಡಿದವರಿಗೆ ಹೊಳೆದೇ ಇರಲಿಲ್ಲ. ಅಂಚಿನಲ್ಲಿ ಎರಡೂ ಲೆಕ್ಕ ಬರೆದು, ಕೆಲಸಕ್ಕೆ ಆಗುತ್ತಾರೆ, ತಮ್ಮದೇ ರೀತಿಯಲ್ಲಿ ಮಾತಾಡಲು ಬಿಡಬೇಕು ಎಂದು ಸೇರಿಸಿ ಸಹಿ ಹಾಕಿದಳು. ಓದಿಯೂ ಹೇಳಿದಳು.

ಹೆಂಡತಿ ಕಣ್ಣೊರೆಸಿಕೊಂಡರು. ಮೇಸ್ತ್ರಿ ಮೇಜಿನ ಮೇಲೆ ತೆರೆದೇ ಬಿದ್ದಿದ್ದ ಕೆಂಪು ಶಾಯಿಯ ಹಾಳೆಯನ್ನು ನೋಡುತ್ತಿದ್ದರು. ಮೈಕಿನ ಕಡೆಗೆ ಬಾಗದೆ, ಸಿಟ್ಟಿಲ್ಲದ, ಏನೂ ಇಲ್ಲದ ಅದೇ ದನಿಯಲ್ಲಿ ಹೇಳಿದರು.

"ಹತ್ತು ವಾರ ತಪ್ಪು ಮಾಡಿದ್ದು ನಾನಲ್ಲ."

ಹಸಿರು ಗೆರೆ ಅಲುಗಲಿಲ್ಲ. ಅವಳಿಗೆ ಮಾತ್ರ ಅದು ನೆಟ್ಟಗೆ ಬಂದು ತಾಗಿತು.

"ಅಲ್ಲ," ಎಂದಳು ಅವಳು. "ನಾನೇ."

ಪರದೆಯ ಮೇಲೆ ಗೆರೆ ನೆಟ್ಟಗೆ ಮೇಲೆದ್ದು ಇಳಿಯಿತು. ಮೇಸ್ತ್ರಿ ಅದನ್ನು ನೋಡಿ, ಗಟ್ಟಿಯಾಗಿದ್ದ ಎಡಗೈಯಿಂದ ಪತ್ರ ತೆಗೆದುಕೊಂಡರು.