ರೋಲರಿಗೆ ಬಿದ್ದ ಎಣ್ಣೆ

ಹಳೆ ಕ್ಯಾಸೆಟ್‌ಗಳ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅವಳನ್ನು ಬೀದಿಯವರೆಲ್ಲ ಟೇಪಕ್ಕ ಎಂದೇ ಕರೆಯುತ್ತಿದ್ದರು. ಹೊಸ ಆಂಪ್ಲಿಫೈಯರಿನ ಪೆಟ್ಟಿಗೆ ಮುಟ್ಟಿ ಅಪ್ಪ ಕರೆಂಟು ಹೊಡೆದು ಹೋದಾಗ ಅವಳಿನ್ನೂ ಲಂಗದ ಹುಡುಗಿ. ಆಮೇಲೆ ಅನ್ನ ಹಾಕಿದವರೂ ಚಿಕ್ಕಪ್ಪ, ರೇಡಿಯೋ ಅಂಗಡಿಯಲ್ಲಿ ಪಕ್ಕ ಕೂರಿಸಿಕೊಂಡು ಕಸುಬು ಕಲಿಸಿದವರೂ ಚಿಕ್ಕಪ್ಪನೇ. ಅವರಿಗೆ ಅವಳು ಎಂದೂ ಎದುರು ಮಾತಾಡಿದ್ದಿಲ್ಲ.

ಅಟ್ಟ ಗುಡಿಸುವಾಗ ಅಪ್ಪನ ಕ್ಯಾಸೆಟ್ಟೊಂದು ಸಿಕ್ಕಿತು. ಮೇಲೆ ಅಪ್ಪನ ಕೈಬರಹ: 'ಹೊಸ ಆಂಪ್ಲಿಫೈಯರ್ ಪರೀಕ್ಷೆ'. ಸುದ್ದಿ ಕೇಳಿದ ಚಿಕ್ಕಪ್ಪನ ಮುಖ ಒಂದು ಗಳಿಗೆ ಸುಣ್ಣ ಬಳಿದಂತಾಯಿತು. ಮಾರನೇ ಮಧ್ಯಾಹ್ನವೇ ಕ್ಯಾಸೆಟ್ ನುಡಿಸುವ ತಮ್ಮ ಡೆಕ್ಕನ್ನು ಕಂಕುಳಲ್ಲಿ ಹೊತ್ತು ತಂದರು.

"ನಿನ್ ಡೆಕ್ ಹೆಡ್ ಸವೆದಿದೆ ಕಣೇ. ಇದ್ರಲ್ಲಿ ಹಾಕು. ರಾತ್ರಿಯೆಲ್ಲಾ ಕೂತು ನಾನೇ ಸರ್ವಿಸ್ ಮಾಡಿದೀನಿ. ಬಿಚ್ಚೋ ತೊಂದ್ರೆ ತಗೋಬೇಡ, ನೇರ ಹಾಕ್ಬಿಡು."

"ಆಯ್ತು ಚಿಕ್ಕಪ್ಪ" ಎಂದಳು. ಆದರೆ ಕೈ ರೂಢಿಯಂತೆ ಸ್ಕ್ರೂಡ್ರೈವರಿಗೆ ಹೋಯಿತು. ಯಾರದೇ ಡೆಕ್ ಆಗಲಿ, ಒಳಗನ್ನು ನೋಡದೆ ಒಂದೇ ಪ್ರತಿ ಇರುವ ಟೇಪನ್ನು ಬಾಯಿಗೆ ಕೊಡಬಾರದೆಂದು ಕಲಿಸಿದವರು ಅವರೇ.

"ಬೇಡ ಅಂದ್ನಲ್ಲ!" ಚಿಕ್ಕಪ್ಪನ ದನಿ ಏರಿತು.

ಪ್ಲಗ್ ಕಿತ್ತು ಮುಚ್ಚಳ ತೆಗೆದಳು. ಟೇಪನ್ನು ಲೋಹದ ಕಡ್ಡಿಗೆ ಒತ್ತಿ ಹಿಡಿಯುವ ಪಿಂಚ್ ರೋಲರ್, ಅಂದರೆ ರಬ್ಬರಿನ ಪುಟ್ಟ ಗಾಲಿ, ಥಳಥಳ ಹೊಳೆಯುತ್ತಿತ್ತು. ಹತ್ತಿಕಡ್ಡಿ ತಾಗಿಸಿದಳು. ಹತ್ತಿ ನೆನೆಯಿತು. ಎಣ್ಣೆ, ಅದೂ ಹೊಸದು. ಟೇಪನ್ನು ಸುತ್ತಿಕೊಳ್ಳುವ ಚಕ್ರದ ಬೆಲ್ಟು ಒದ್ದೆ ನೂಲಿನಂತೆ ಜೋತುಬಿದ್ದಿತ್ತು. ಸರ್ವಿಸ್ ಆದ ಯಂತ್ರದಲ್ಲಿ ಇಷ್ಟು ಸಡಿಲ ಬೆಲ್ಟು!

ಎಣ್ಣೆ ಹತ್ತಿದ ರಬ್ಬರು ಟೇಪನ್ನು ನೇರ ಹಿಡಿಯದು, ಓರೆಯಾಗಿ ಎಳೆದು ಅಂಚು ಮುದುಡಿಸುತ್ತದೆ. ಇತ್ತ ಸುತ್ತುವ ಚಕ್ರ ನಿಂತರೆ ಬಂದ ಟೇಪೆಲ್ಲ ಒಳಗೇ ಗುಡ್ಡೆಯಾಗಿ ರೋಲರಿಗೆ ಸಿಕ್ಕಿ ನುಜ್ಜುಗುಜ್ಜಾಗುತ್ತದೆ. ಕಲಿಯುವ ದಿನಗಳಲ್ಲಿ ಅವಳು ರೋಲರಿಗೆ ಒಂದು ತೊಟ್ಟು ಎಣ್ಣೆ ಬಿಟ್ಟಿದ್ದಕ್ಕೆ ಕೈಮೇಲೆ ಛಟೀರನೆ ಹೊಡೆದಿದ್ದ ಚಿಕ್ಕಪ್ಪ ಈಗ ಸ್ಟೂಲಿನ ಮೇಲೆ ನೆಲ ನೋಡುತ್ತ ಕೂತಿದ್ದರು.

"ಮುಪ್ಪು ನೋಡು, ಕೈ ತಪ್ಪಿ ಬಿದ್ದಿರ್ಬೇಕು" ಎಂದರು.

"ಪರವಾಗಿಲ್ಲ, ಸರಿಮಾಡ್ತೀನಿ."

ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ, ಟೇಪಿನ ದನಿ ಓದುವ ಹೆಡ್ಡನ್ನೂ ಲೋಹದ ಕಡ್ಡಿಯನ್ನೂ ಒರೆಸಿದಳು. ಹತ್ತಿಗೆ ಕಂದು ಮಸಿ ಬಂತು. ಮಸಿ ಬರುವುದು ನಿಲ್ಲುವ ತನಕ ಹತ್ತಿ ಬದಲಿಸಿದಳು. ಆಲ್ಕೋಹಾಲು ರಬ್ಬರನ್ನು ಒಣಗಿಸೀತೆಂದು ರೋಲರಿಗೆ ತೆಳು ಸೋಪಿನ ನೀರು. ಆಮೇಲೆ ಬರೀ ನೀರಲ್ಲಿ ಒರೆಸಿ ಆರಲು ಬಿಟ್ಟಳು. ಬೆಲ್ಟಿನ ಚಕ್ರಗಳನ್ನು ಉಜ್ಜಿ ಹೊಸ ಬೆಲ್ಟು ಹಾಕಿದಳು. ಕ್ಯಾಸೆಟ್ಟುಗಳನ್ನೆಲ್ಲ ದೂರ ಸರಿಸಿ, ಹೆಡ್ಡಿಗೆ ಅಂಟಿದ ಕಾಂತತ್ವ ಕಳೆಯುವ ಕಡ್ಡಿಯನ್ನು ಹತ್ತಿರ ಒಯ್ದು, ಮೆಲ್ಲಗೆ ದೂರ ಎಳೆದ ಮೇಲಷ್ಟೇ ಅದರ ಸ್ವಿಚ್ ಆರಿಸಿದಳು.

ಬೇಡದ ಟೇಪೊಂದನ್ನು ಹಾಕಿ ನೋಡಿದಳು. ಹಾಡು ತೊದಲಲಿಲ್ಲ, ಅಂಚು ಮುದುಡಲಿಲ್ಲ. ಅಪ್ಪನ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡಳು. ತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸಿ ಹೋಗದಂತೆ ಅದರ ಮೇಲಂಚಿನ ಎರಡೂ ಪ್ಲಾಸ್ಟಿಕ್ ಚೂರು ಮುರಿದಳು.

"ಸತ್ತೋರ ದನಿ ಯಾಕೆ ಬೇಕಮ್ಮ? ನಿಮ್ಮಮ್ಮ ತಡ್ಕೊಳಲ್ಲ."

ಅವಳು ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಶುರುಮಾಡಿ ಪ್ಲೇ ಒತ್ತಿದಳು.

ಸುಂಯ್ ಎನ್ನುವ ಸದ್ದಿನೊಳಗಿಂದ ಅಪ್ಪ ಬಂದರು. "ಹಲೋ, ಹಲೋ. ಲೋ, ಪೆಟ್ಟಿಗೆ ಮುಟ್ಟಿದ್ರೆ ಜುಂ ಅಂತಿದೆ ಕಣೋ."

ಎಳೆಯ ದನಿಯೊಂದು ನಕ್ಕಿತು. ಚಿಕ್ಕಪ್ಪನದು. "ಗುಂಯ್ಗುಡ್ತಿತ್ತಲ್ಲಣ್ಣ, ಅದಕ್ಕೆ ಅರ್ಥಿಂಗ್ ವೈರು ಕಿತ್ತು ಬಿಟ್ಟಿದೀನಿ. ಅಷ್ಟಕ್ಕೆಲ್ಲಾ ಹೆದರ್ತಾರಾ?"

"ಒದ್ದೆ ಕೈಯಲ್ಲಿ ಮುಟ್ಟಿದ್ರೆ ಗತಿ ಏನೋ? ವಾಪಸ್ ಹಾಕಪ್ಪ."

"ನಾಳೆ ಹಾಕ್ತೀನಿ ಬಿಡಣ್ಣ."

ಚಿಕ್ಕಪ್ಪನ ಕೈ ಡೆಕ್ಕಿನ ಕಡೆ ಚಾಚಿತು. ಅವಳು ಬಟನ್ನುಗಳ ಮೇಲೆ ಅಂಗೈ ಇಟ್ಟಳು.

"ಅಪ್ಪನೇ ಆ ಪೆಟ್ಟಿಗೆ ವೈರು ಕೆದಕಿ ಸತ್ರು ಅಂತ ಹೇಳಿದ್ರಿ" ಎಂದಳು. "ಅಮ್ಮ ಇವತ್ತಿಗೂ ಅಪ್ಪನ್ನೇ ಬಯ್ತಾಳೆ. ಕೈ ಸುಮ್ನಿರದೆ ನಮ್ಮನ್ನ ಬೀದಿಗೆ ಬಿಟ್ಟ ಅಂತ."

"ನಿಮ್ಮನ್ನ ಸಾಕ್ಲಿಲ್ವೇನೆ ನಾನು?"

"ಸಾಕಿದ್ರಿ."

ಚಿಕ್ಕಪ್ಪ ಎದ್ದರು. ಬಾಗಿಲ ಬಳಿ ನಿಂತು ಚಪ್ಪಲಿಗೆ ಕಾಲು ತಡಕಾಡಿದರು. ಎಡದ್ದು ಬಲಕ್ಕಾಯಿತು, ಹಾಗೇ ಹೋದರು. ಟೇಪು ಕೊನೆ ಮುಟ್ಟಿ ಟಕ್ಕೆಂದು ನಿಲ್ಲುವ ತನಕ ಅವಳು ಕದಲಲಿಲ್ಲ. ದನಿಯನ್ನು ಎರಡು ಕಡೆ ಉಳಿಸಿಕೊಂಡು, ಲ್ಯಾಪ್‌ಟಾಪನ್ನು ಎತ್ತಿಕೊಂಡು ಮಹಡಿ ಹತ್ತಿದಳು.

ಅಮ್ಮ ಬಟ್ಟೆ ಮಡಚುತ್ತಿದ್ದಳು. "ನಿಮ್ ಚಿಕ್ಕಪ್ಪ ಊಟಕ್ಕೂ ನಿಲ್ದೆ ಹೊರಟ್ರಲ್ಲೇ, ಏನಂದೆ ಅವ್ರಿಗೆ?"

"ಅಮ್ಮ, ಬಟ್ಟೆ ಕೆಳಗಿಡು" ಎಂದಳು ಮಗಳು. ಅವಳ ದನಿ ಕೇಳಿ ಅಮ್ಮನ ಕೈ ಅಲ್ಲಿಗೇ ನಿಂತಿತು.